ಸೊಂಟಕ್ಕೆ ಬೇಕಾದ ಬೆತ್ತ

ಮೊಸಳೆ ಮತ್ತು ಕೋತಿಯ ಕತೆ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಮೊಸಳೆಯ ಹೆಂಡತಿಗೆ ಕೋತಿಯ ಹೃದಯ ತಿನ್ನುವ ಆಸೆ. ಗಂಡ ಕೋತಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊರಡುತ್ತದೆ. ನಡುನೀರಿನಲ್ಲಿ ಗುಟ್ಟು ಬಿಡುತ್ತದೆ. ಕೋತಿ "ಅಯ್ಯೋ, ಹೃದಯ ಮರದ ಮೇಲೇ ಬಿಟ್ಟು ಬಂದೆನಲ್ಲ" ಅನ್ನುತ್ತದೆ. ಮುಂದಿನದು ನಿಮಗೇ ಗೊತ್ತು.

ಈ ಕತೆ ಪಂಚತಂತ್ರದಲ್ಲಿದೆ. ಬೌದ್ಧರ ಜಾತಕ ಕತೆಗಳಲ್ಲೂ ಇದೆ. ಪಂಚತಂತ್ರದಲ್ಲಿ ನೇರಳೆ ಮರ, ಕೋತಿಗೂ ಮೊಸಳೆಗೂ ಗೆಳೆತನ. ಜಾತಕದಲ್ಲಿ ಹೃದಯಗಳು ನೇತಾಡುತ್ತಿವೆ ಅಂತ ಕೋತಿ ತೋರಿಸುವುದು ಅತ್ತಿ ಮರವನ್ನು, ಮತ್ತು ಗೆಳೆತನದ ಮಾತೇ ಇಲ್ಲ. ಇಂಥ ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಎರಡೂ ಒಂದೇ. ಆದರೆ ಜಾತಕದ ಕೊನೆಗೆ ಪಂಚತಂತ್ರದಲ್ಲಿ ಇಲ್ಲದ ಒಂದು ಮಾತು ಬರುತ್ತದೆ. ಕತೆ ಮುಗಿಸಿದ ಬುದ್ಧ ಹೇಳುತ್ತಾನೆ: ಆಗ ಮೊಸಳೆಯಾಗಿದ್ದವನು ಈಗ ನನಗೆ ಕೇಡು ಬಗೆಯುವ ದೇವದತ್ತ, ಅದರ ಹೆಂಡತಿಯಾಗಿದ್ದವಳು ನನ್ನ ಮೇಲೆ ಸುಳ್ಳು ಅಪವಾದ ಹೊರಿಸಿದ ಚಿಂಚಾ, ಆ ಕೋತಿ ನಾನೇ.

ಕತೆಯನ್ನು ಜಾತಕ ಮಾಡುವುದು ಈ ಒಂದು ಮಾತು. ಹಳ್ಳಿಯಲ್ಲಿ, ಸಂತೆಯಲ್ಲಿ, ಬಂಡಿಯ ಮೇಲೆ ಜನ ಹೇಳಿಕೊಂಡು ಬಂದ ಕತೆ ಯಾವುದೇ ಇರಲಿ, ಕೊನೆಗೆ "ಅವನು ನಾನೇ" ಅಂತ ಸೇರಿಸಿದರೆ ಅದು ಬುದ್ಧನ ಹಿಂದಿನ ಜನ್ಮದ ಕತೆಯಾಗುತ್ತದೆ. ಆಮೆ ಹಂಸಗಳ ಜೊತೆ ಕೋಲು ಕಚ್ಚಿ ಹಾರಿ, ಬಾಯಿ ಬಿಟ್ಟು ಬಿದ್ದದ್ದು, ಸಿಂಹದ್ದೋ ಹುಲಿಯದ್ದೋ ಚರ್ಮ ಹೊದ್ದ ಕತ್ತೆ, ಮೀನುಗಳನ್ನು ಸಾಗಿಸಿ ತಿಂದ ಕೊಕ್ಕರೆ ಮತ್ತು ಅದರ ಕತ್ತು ಕತ್ತರಿಸಿದ ಏಡಿ, ಇವೆಲ್ಲ ಎರಡೂ ಕಡೆ ಇವೆ. ಯಾರು ಯಾರಿಂದ ತೆಗೆದುಕೊಂಡರು ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಎಲ್ಲರೂ ಜನರ ಬಾಯಿಂದ ತೆಗೆದುಕೊಂಡರು ಅಂದುಕೊಂಡರೆ ಸಾಕು.

ಪಾಳಿ ಭಾಷೆಯ ಸಂಗ್ರಹದಲ್ಲಿ ಇಂಥ 547 ಕತೆಗಳಿವೆ. ಬೋಧಿಸತ್ತ, ಅಂದರೆ ಮುಂದೆ ಬುದ್ಧನಾಗಲಿರುವವನು, ಇವುಗಳಲ್ಲಿ ಜಿಂಕೆ, ಆನೆ, ಮೊಲ, ಲಾವಕ್ಕಿ, ಗಿಳಿ, ಮೀನು, ನಾಯಿ, ಸಿಂಹ ಎಲ್ಲವೂ ಆಗುತ್ತಾನೆ. ಮನುಷ್ಯನಾಗಿ ಹುಟ್ಟಿದ ಕತೆಗಳೂ ಬೇಕಾದಷ್ಟಿವೆ. ಕೆಲವು ಕತೆಗಳಲ್ಲಂತೂ ಅವನು ಮರದಲ್ಲಿ ವಾಸವಿರುವ ದೇವತೆ. ನಡೆಯುವುದನ್ನೆಲ್ಲ ನೋಡಿ, ಕೊನೆಗೊಂದು ಪದ್ಯ ಹೇಳುವುದಷ್ಟೇ ಕೆಲಸ. ಬೇರೆ ಯಾರದೋ ಕತೆಗೆ ಬೋಧಿಸತ್ತನನ್ನು ಆಮೇಲೆ ತಂದು ಕೂರಿಸಿದ್ದಾರೆ ಅಂತ ಅಲ್ಲಿ ಗೊತ್ತಾಗಿಬಿಡುತ್ತದೆ. ಆದರೆ ಇಷ್ಟೆಲ್ಲ ಜನ್ಮ ಎತ್ತಿದವನು ಈ ಸಂಗ್ರಹದಲ್ಲಿ ಒಮ್ಮೆಯೂ ಹೆಣ್ಣಾಗಿ ಹುಟ್ಟುವುದಿಲ್ಲ. ಹೆಣ್ಣು ಜಿಂಕೆಯಾಗಿಯೂ ಇಲ್ಲ. ಇದನ್ನು ಬರೆದಿಟ್ಟವರು ಯಾರು, ಕೇಳಿದವರು ಯಾರು ಅಂತ ಯೋಚಿಸಿದರೆ ಆಶ್ಚರ್ಯ ಆಗುವುದಿಲ್ಲ ಬಿಡಿ.

ಇನ್ನೊಂದು ತಪ್ಪು ತಿಳಿವಳಿಕೆ ಜಾಸ್ತಿ ಕಾಣುತ್ತದೆ. ಬೋಧಿಸತ್ತ ಮೊದಲು ಸಣ್ಣ ಪ್ರಾಣಿಯಾಗಿ, ಆಮೇಲೆ ದೊಡ್ಡ ಪ್ರಾಣಿಯಾಗಿ, ಆಮೇಲೆ ಮನುಷ್ಯನಾಗಿ ಮೆಟ್ಟಿಲು ಹತ್ತಿಕೊಂಡು ಬಂದ, ಕತೆಗಳೂ ಅದೇ ಸಾಲಿನಲ್ಲಿವೆ ಅಂತ ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಕತೆಗಳನ್ನು ಜೋಡಿಸಿರುವುದು ಪದ್ಯಗಳ ಎಣಿಕೆಯ ಮೇಲೆ. ಒಂದೇ ಪದ್ಯವಿರುವ 150 ಕತೆಗಳು ಮೊದಲು. ಎರಡು ಪದ್ಯದವು ಅದರ ನಂತರ. ಹೀಗೆ ಬೆಳೆಯುತ್ತಾ ಹೋಗಿ, ನೂರಾರು ಪದ್ಯಗಳ ದೊಡ್ಡ ಕತೆಗಳು ಕೊನೆಗೆ. ಬಾಯಿಪಾಠ ಮಾಡುವವರ ಜೋಡಣೆ ಇದು. ಇದರಲ್ಲಿ ಯಾವ ಜನ್ಮ ಮೊದಲು, ಯಾವುದು ನಂತರ ಅನ್ನುವ ಲೆಕ್ಕವೇ ಇಲ್ಲ.

ಪದ್ಯಗಳ ಎಣಿಕೆಗೆ ಯಾಕೆ ಅಷ್ಟು ಬೆಲೆ? ಯಾಕೆಂದರೆ ಬೌದ್ಧರಿಗೆ ಪವಿತ್ರ ಪಾಠ ಅಂದರೆ ಆ ಪದ್ಯಗಳೇ. ಅವರ ಧರ್ಮಗ್ರಂಥವಾದ ತಿಪಿಟಕದ ಒಳಗೆ ಸೇರಿರುವ ಜಾತಕದಲ್ಲಿ ಇರುವುದು ಪದ್ಯ ಮಾತ್ರ. ನಾವು ಓದುವ ಕತೆ, ಅಂದರೆ ಕಾಡು, ನದಿ, ಮಾತುಕತೆ ಎಲ್ಲವೂ ಇರುವ ಗದ್ಯ, ಪದ್ಯಕ್ಕೆ ಬರೆದ ವ್ಯಾಖ್ಯಾನ. ಅದು ಈಗಿನ ರೂಪಕ್ಕೆ ಬಂದದ್ದು ಶ್ರೀಲಂಕಾದಲ್ಲಿ, ಸುಮಾರು 5ನೆಯ ಶತಮಾನದ ಹೊತ್ತಿಗೆ. ಹಾಗಂತ ಕತೆಗಳು ಆಗ ಹುಟ್ಟಿದವು ಅಂತಲ್ಲ. ಅದಕ್ಕೂ ಐನೂರು ವರ್ಷಕ್ಕಿಂತ ಮುಂಚೆಯೇ ಅವನ್ನು ಕಲ್ಲಿನಲ್ಲಿ ಕೆತ್ತಿದ್ದರು. ಪದ್ಯ ಬದಲಾಗದೆ ಉಳಿಯಿತು, ಕತೆ ಅದರ ಸುತ್ತ ಬೆಳೆಯುತ್ತಾ ಹೋಯಿತು ಅನ್ನುವುದನ್ನು ನೆನಪಿಟ್ಟುಕೊಂಡರೆ ಸಾಕು.

ಈ ಬೆಳವಣಿಗೆ ಹೇಗೆ ನಡೆಯುತ್ತದೆ ಅಂತ ನೋಡಲು ನನಗೆ ಇಷ್ಟವಾದ ಒಂದು ಕತೆ ತೆಗೆದುಕೊಳ್ಳುತ್ತೇನೆ. ಮಹಾಕಪಿ ಜಾತಕ. ಸಂಗ್ರಹದಲ್ಲಿ 407ನೆಯದು. ಏಳು ಪದ್ಯದ ಗುಂಪಿಗೆ ಸೇರಿದ್ದು.

ಶುರುವಾಗುವುದು ಬಹುಪಾಲು ಜಾತಕಗಳ ಹಾಗೆಯೇ. ವಾರಾಣಸಿಯಲ್ಲಿ ಬ್ರಹ್ಮದತ್ತ ಆಳುತ್ತಿದ್ದಾಗ. ಈ ಬ್ರಹ್ಮದತ್ತ ಯಾವ ಕಾಲದ ರಾಜ ಅಂತ ಹುಡುಕಬೇಡಿ. ನಮ್ಮ "ಒಂದಾನೊಂದು ಊರಲ್ಲಿ" ಇದ್ದ ಹಾಗೆ ಅದು. ಆಗ ಬೋಧಿಸತ್ತ ಹಿಮಾಲಯದಲ್ಲಿ ಕೋತಿಯಾಗಿ ಹುಟ್ಟಿ, ಬೆಳೆದು, ಎಂಬತ್ತು ಸಾವಿರ ಕೋತಿಗಳಿಗೆ ರಾಜನಾಗಿದ್ದ. ಗಂಗೆಯ ದಡದಲ್ಲಿ ಒಂದು ದೊಡ್ಡ ಮಾವಿನ ಮರ. ಹಣ್ಣುಗಳು ನೀರಿನ ಕೊಡದಷ್ಟು ದಪ್ಪ. ರುಚಿ ಅಂದರೆ ದೇವಲೋಕದ ರುಚಿ. ಮರದ ಒಂದು ಕೊಂಬೆ ನೀರಿನ ಮೇಲೆ ಚಾಚಿತ್ತು.

ಕೋತಿರಾಜನಿಗೆ ಆ ಕೊಂಬೆ ಕಂಡರೆ ಭಯ. ಅದರಿಂದ ಒಂದು ಹಣ್ಣು ನೀರಿಗೆ ಬಿದ್ದರೆ ತೇಲಿಕೊಂಡು ಕೆಳಗೆ ಹೋಗುತ್ತದೆ. ಯಾರೋ ತಿನ್ನುತ್ತಾರೆ. ತಿಂದವರು ಹುಡುಕಿಕೊಂಡು ಬರುತ್ತಾರೆ. ಹಾಗಾಗಿ ಪ್ರತಿ ವರ್ಷ ಹೂವಿನ ಕಾಲದಲ್ಲೇ, ಕಾಯಿ ಕಡಲೆ ಗಾತ್ರ ಇದ್ದಾಗಲೇ, ಆ ಕೊಂಬೆಯ ಮೇಲಿನದ್ದನ್ನೆಲ್ಲ ತಿಂದು ಹಾಕಿಸುತ್ತಿದ್ದ, ಕಿತ್ತು ಎಸೆಸುತ್ತಿದ್ದ. ಅಷ್ಟಾದರೂ ಒಂದು ಕಾಯಿ ಉಳಿಯಿತು. ಇರುವೆ ಗೂಡಿನ ಹಿಂದೆ. ಮಾವಿನ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಂಜಿಗ ಎಲೆಗಳನ್ನು ಸೇರಿಸಿ ಹೆಣೆದ ಗೂಡಿನ ಹಿಂದೆ ಏನಿದೆ ಅಂತ ಕೆಳಗೆ ನಿಂತವರಿಗೆ ಕಾಣುವುದಿಲ್ಲ, ಹತ್ತಿದವರು ಕೈ ಹಾಕುವುದಿಲ್ಲ. ಎಂಬತ್ತು ಸಾವಿರ ಕೋತಿಗಳೂ ಹಾಕಿರಲಿಕ್ಕಿಲ್ಲ.

ಆ ಕಾಯಿ ಹಣ್ಣಾಗಿ ನೀರಿಗೆ ಬಿತ್ತು. ವಾರಾಣಸಿಯ ರಾಜ ನದಿಯಲ್ಲಿ ಮೇಲೊಂದು ಕೆಳಗೊಂದು ಬಲೆ ಕಟ್ಟಿಸಿ ನಡುವೆ ಈಜಾಡುತ್ತಿದ್ದ. ಹಣ್ಣು ಮೇಲಿನ ಬಲೆಗೆ ಸಿಕ್ಕಿಕೊಂಡಿತು. ಸಂಜೆ ಬಲೆ ಎತ್ತಿದ ಬೆಸ್ತರು ಇದೇನೆಂದು ತಿಳಿಯದೆ ರಾಜನಿಗೆ ತೋರಿಸಿದರು. ರಾಜನಿಗೂ ತಿಳಿಯಲಿಲ್ಲ. ಕಾಡಿನವರನ್ನು ಕರೆಸಿದ. "ಮಾವು, ದೊರೆ" ಅಂದರು. ರಾಜ ಚೂರಿಯಲ್ಲಿ ಕತ್ತರಿಸಿ ಮೊದಲು ಆ ಕಾಡಿನವರಿಗೆ ತಿನ್ನಿಸಿದ. ಅವರಿಗೆ ಏನೂ ಆಗಲಿಲ್ಲ ಅಂತ ನೋಡಿಕೊಂಡು ಆಮೇಲೆ ತಾನು ತಿಂದ. ಆ ಒಂದು ಸಾಲಿನಲ್ಲಿ ಈ ರಾಜ ಎಂಥವನು ಅಂತ ಕತೆಗಾರ ತೋರಿಸಿಬಿಟ್ಟ. ತನ್ನ ಜೀವಕ್ಕೆ ಮೊದಲು ಪ್ರಜೆಯ ಜೀವವನ್ನು ಒಡ್ಡುವವನು. ಇದನ್ನು ನೆನಪಿಟ್ಟುಕೊಳ್ಳಿ.

ರುಚಿ ರಾಜನ ನಾಲಿಗೆ ಬಿಡಲಿಲ್ಲ. ದೋಣಿಗಳನ್ನು ಕಟ್ಟಿಸಿ ನದಿಯ ಮೇಲ್ಮುಖವಾಗಿ ಹೊರಟು ಮರ ಹುಡುಕಿದ. ಹೊಟ್ಟೆ ತುಂಬ ತಿಂದು ಮರದ ಬುಡದಲ್ಲೇ ಮಲಗಿದ. ನಡುರಾತ್ರಿ ಕೋತಿಗಳು ಬಂದವು. ರಾಜನಿಗೆ ಎಚ್ಚರವಾಯಿತು. ಬಿಲ್ಲುಗಾರರನ್ನು ಎಬ್ಬಿಸಿ ಮರದ ಸುತ್ತ ನಿಲ್ಲಿಸಿದ. ನಾಳೆ ಮಾವಿನ ಹಣ್ಣೂ ತಿನ್ನೋಣ, ಕೋತಿ ಮಾಂಸವೂ ತಿನ್ನೋಣ ಅಂದ.

ಕೋತಿಗಳು ಸಾವಿನ ಭಯದಿಂದ ನಡುಗುತ್ತಾ ತಮ್ಮ ರಾಜನ ಬಳಿ ಬಂದವು. ಅವನು ನೀರಿನ ಕಡೆ ಚಾಚಿದ ಕೊಂಬೆಯ ತುದಿಗೆ ಹೋಗಿ, ನೂರು ಬಿಲ್ಲಿನಷ್ಟು ದೂರ ಜಿಗಿದು ಆಚೆ ದಡದ ಪೊದೆಯ ಮೇಲೆ ಬಿದ್ದ. ಇಳಿದು, ದೂರ ಎಷ್ಟು ಅಂತ ಅಂದಾಜು ಮಾಡಿದ. ಒಂದು ಬೆತ್ತದ ಬಳ್ಳಿಯನ್ನು ಬುಡದಲ್ಲಿ ಕಡಿದು, ಸಿಪ್ಪೆ ಸುಲಿದ. ಲೆಕ್ಕ ಹಾಕಿದ. ಇಷ್ಟು ಮರಕ್ಕೆ ಕಟ್ಟಲು. ಇಷ್ಟು ಗಾಳಿಯಲ್ಲಿ. ಅಷ್ಟಕ್ಕೆ ಸರಿಯಾಗಿ ಕತ್ತರಿಸಿದ. ತನ್ನ ಸೊಂಟಕ್ಕೆ ಸುತ್ತಿಕೊಳ್ಳಲು ಎಷ್ಟು ಬೇಕು ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಒಂದು ತುದಿಯನ್ನು ಆ ದಡದ ಮರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಸೊಂಟಕ್ಕೆ ಬಿಗಿದು, ಮೋಡವನ್ನು ಗಾಳಿ ಹೊಡೆದ ಹಾಗೆ ವಾಪಸ್ ಜಿಗಿದ. ಮರ ಎದುರಿಗೇ ಇದೆ, ಆದರೆ ತಲುಪಲಿಲ್ಲ. ಸೊಂಟದ ಸುತ್ತಿನಷ್ಟು ಬೆತ್ತ ಕಡಿಮೆ ಬಿತ್ತು. ಎರಡೂ ಕೈ ಚಾಚಿ ಕೊಂಬೆ ಹಿಡಿದ. ಹಾಗೇ ನೇತಾಡುತ್ತಾ ತನ್ನವರಿಗೆ ಸನ್ನೆ ಮಾಡಿದ: ನನ್ನ ಬೆನ್ನು ತುಳಿದುಕೊಂಡು ಬೇಗ ದಾಟಿ.

ಎಂಬತ್ತು ಸಾವಿರ ಕೋತಿಗಳು ಕೈಮುಗಿದು, ಕ್ಷಮೆ ಕೇಳಿ ದಾಟಿದವು. ದೇವದತ್ತನೂ ಆ ಜನ್ಮದಲ್ಲಿ ಅದೇ ಗುಂಪಿನಲ್ಲಿ ಕೋತಿಯಾಗಿದ್ದ. ಹಗೆಯ ಬೆನ್ನು ನೋಡಲು ಇದೇ ಸಮಯ ಅಂತ ಎತ್ತರದ ಕೊಂಬೆಗೆ ಹತ್ತಿ, ಅಲ್ಲಿಂದ ರಭಸವಾಗಿ ಬೆನ್ನ ಮೇಲೆ ಧುಮುಕಿ ಹೋದ. ಬೋಧಿಸತ್ತನ ಎದೆ ಒಡೆಯಿತು. ಎಲ್ಲರೂ ದಾಟಿದ ಮೇಲೆ ಅವನೊಬ್ಬನೇ ಅಲ್ಲಿ ಉಳಿದ.

ರಾಜ ಮಲಗದೆ ಎಲ್ಲವನ್ನೂ ನೋಡುತ್ತಿದ್ದ. ಬೆಳಗಾದ ಮೇಲೆ ಗಂಗೆಯಲ್ಲಿ ದೋಣಿಗಳನ್ನು ತರಿಸಿ, ಅಟ್ಟಣೆ ಕಟ್ಟಿಸಿ, ಕೋತಿಯನ್ನು ಮೆಲ್ಲನೆ ಇಳಿಸಿದ. ನೀರು ಹಾಕಿಸಿದ, ಸಕ್ಕರೆ ನೀರು ಕುಡಿಸಿದ, ಎಣ್ಣೆ ಹಚ್ಚಿಸಿದ, ಹಾಸಿಗೆ ಮಾಡಿ ಮಲಗಿಸಿದ. ತಾನು ಅದಕ್ಕಿಂತ ತಗ್ಗಿನ ಆಸನದಲ್ಲಿ ಕೂತ. ಆಗ ಬರುತ್ತದೆ ಮೊದಲನೆಯ ಪದ್ಯ.

"ಅತ್ತಾನಂ ಸಂಕಮಂ ಕತ್ವಾ" ಅಂತ ಅದು ಶುರು. ಸಂಕಮ ಅಂದರೆ ಸೇತುವೆ. ಮಲೆನಾಡಿನವರಿಗೆ, ಕರಾವಳಿಯವರಿಗೆ ಇಲ್ಲಿ ಕಾಲುಸಂಕ ನೆನಪಾಗದೆ ಇರುತ್ತದಾ? ರಾಜ ಕೇಳುವುದು ಇದು: ನಿನ್ನನ್ನೇ ಸಂಕ ಮಾಡಿ ಅವರನ್ನು ದಾಟಿಸಿದೆಯಲ್ಲ ಮಹಾಕಪಿ, ನೀನು ಅವರಿಗೆ ಏನಾಗಬೇಕು, ಅವರು ನಿನಗೆ ಏನಾಗಬೇಕು? ಹಣ್ಣಿನ ಹೋಳನ್ನು ಮೊದಲು ಕಾಡಿನವರ ಬಾಯಿಗೆ ಇಟ್ಟ ರಾಜ ಇವನೇ. ಅವನಿಗೆ ಈ ಪ್ರಶ್ನೆ ನಿಜಕ್ಕೂ ಅರ್ಥವಾಗದ ಪ್ರಶ್ನೆ.

ಉಳಿದ ಪದ್ಯಗಳೆಲ್ಲ ಕೋತಿಯ ಉತ್ತರ. ನಾನು ಅವರ ರಾಜ, ಆ ಗುಂಪನ್ನು ಕಾಯುವವನು. ನಿನಗೆ ಹೆದರಿ ಅವರು ಸಂಕಟದಲ್ಲಿದ್ದರು. ನೂರು ಬಿಲ್ಲು ದೂರ ಜಿಗಿದೆ, ಹಿಂಗಾಲಿಗೆ ಬಳ್ಳಿ ಬಿಗಿದುಕೊಂಡೆ. ಗಾಳಿ ಹೊಡೆದ ಮೋಡದ ಹಾಗೆ ಮರದ ಬಳಿ ಬಂದೆ. ಮುಟ್ಟಲಾಗದೆ ಕೈಯಿಂದ ಕೊಂಬೆ ಹಿಡಿದೆ. ಕೊಂಬೆಗೂ ಬಳ್ಳಿಗೂ ನಡುವೆ ಚಾಚಿಕೊಂಡಿದ್ದ ನನ್ನನ್ನು ತುಳಿದು ಅವರು ಸುಖವಾಗಿ ದಾಟಿದರು. ಕಟ್ಟಿನ ನೋವು ನನಗಿಲ್ಲ, ಸಾವೂ ನೋಯಿಸುವುದಿಲ್ಲ. ಯಾರನ್ನು ಆಳಿದೆನೋ ಅವರಿಗೆ ಸುಖ ತಂದೆ. ಕೊನೆಯಲ್ಲಿ, ರಾಜನಾದವನು ನಾಡಿನ, ಸೈನ್ಯದ, ಊರಿನ ಎಲ್ಲರ ಸುಖ ನೋಡಬೇಕು ಅಂತ ಹೇಳಿ ಕೋತಿ ಸಾಯುತ್ತದೆ.

ಈಗ ಪದ್ಯವನ್ನೂ ಗದ್ಯವನ್ನೂ ಅಕ್ಕಪಕ್ಕ ಇಡೋಣ. ಪದ್ಯದಲ್ಲಿ ಬಳ್ಳಿ ಕಟ್ಟಿದ್ದು ಹಿಂಗಾಲಿಗೆ, ಗದ್ಯದಲ್ಲಿ ಸೊಂಟಕ್ಕೆ. ಪದ್ಯದಲ್ಲಿ ದೇವದತ್ತನ ಸುಳಿವೇ ಇಲ್ಲ. ಇರುವೆ ಗೂಡು ಇಲ್ಲ, ಬಲೆ ಇಲ್ಲ, ಬೆಸ್ತರಿಲ್ಲ. ಪದ್ಯದಲ್ಲಿ ಒಂದು ಪುಟ್ಟ ಮಾತು ಮಾತ್ರ ಇದೆ: "ಅಪ್ಪಭವಂ." ಮುಟ್ಟಲಾಗದೆ, ಸಾಲದೆ. ಯಾಕೆ ಸಾಲಲಿಲ್ಲ ಅಂತ ಪದ್ಯ ಹೇಳುವುದಿಲ್ಲ.

ಅದನ್ನು ಪಾಠ ಹೇಳುತ್ತಿದ್ದವರ ಮುಂದೆ ಯಾರಾದರೂ ಕೇಳಿಯೇ ಕೇಳಿರುತ್ತಾರೆ. ನೂರು ಬಿಲ್ಲು ದೂರ ಒಂದೇ ನೆಗೆತಕ್ಕೆ ಹಾರಿದವನು, ಅಳತೆ ನೋಡಿ ಬಳ್ಳಿ ಕಡಿದವನು, ಅವನಿಗೆ ಯಾಕೆ ಸಾಲದೆ ಹೋಯಿತು? ನನ್ನ ಅಕ್ಕನ ಮಗನಿಗೆ ಈ ಕತೆ ಹೇಳಿದಾಗ ಅವನು ಕೇಳಿದ್ದೂ ಇದೊಂದನ್ನೇ. ದೇವದತ್ತನ ಬಗ್ಗೆ ಕೇಳಲಿಲ್ಲ, ಸತ್ತಿತಾ ಅಂತ ಕೇಳಲಿಲ್ಲ. "ಹಗ್ಗ ಯಾಕೆ ಗಿಡ್ಡ ಆಯ್ತು ಮಾಮ?" ಗದ್ಯ ಬರೆದವನು ಆ ಪ್ರಶ್ನೆಗೆ ಕೊಟ್ಟ ಉತ್ತರವೇ ಸೊಂಟದ ಲೆಕ್ಕ. ಮರಕ್ಕೆ ಬೇಕಾದದ್ದು ನೆನಪಿತ್ತು, ನಡುವಿನ ಗಾಳಿಗೆ ಬೇಕಾದದ್ದು ನೆನಪಿತ್ತು, ತನಗೆ ಬೇಕಾದದ್ದು ಮರೆತುಹೋಯಿತು.

ಬೇರೆ ಕಾರಣ ಹೇಳಬಹುದಿತ್ತಲ್ಲ. ಬೆತ್ತ ಸಿಕ್ಕಿದ್ದೇ ಅಷ್ಟು ಅನ್ನಬಹುದಿತ್ತು. ಬೇಕೆಂದೇ ಗಿಡ್ಡ ಕತ್ತರಿಸಿದ, ತ್ಯಾಗ ಮಾಡುವ ಮನಸ್ಸಿತ್ತು ಅನ್ನಬಹುದಿತ್ತು. ಭಕ್ತಿಯ ಕತೆಗಾರನಾಗಿದ್ದರೆ ಹಾಗೇ ಹೇಳುತ್ತಿದ್ದನೇನೋ. ಈತ ಲೆಕ್ಕ ತಪ್ಪಿತು ಅಂದ. ಬುದ್ಧನಾಗಲಿರುವವನಿಗೇ ಲೆಕ್ಕ ತಪ್ಪಿತು ಅಂತ ಭಿಕ್ಷುಗಳ ಮುಂದೆ ಹೇಳಲು ಅವನಿಗೆ ಏನೂ ಅಡ್ಡಿಯಾಗಲಿಲ್ಲ.

ಅಡ್ಡಿ ಯಾಕೆ ಆಗಲಿಲ್ಲ ಅಂತ ತಿಳಿಯಬೇಕಾದರೆ ಬೋಧಿಸತ್ತ ಯಾರು ಅಂತ ಸರಿಯಾಗಿ ನೋಡಬೇಕು. ನಾವು ಮತ್ಸ್ಯ, ಕೂರ್ಮ, ವರಾಹ ಅಂತ ಕೇಳಿ ಬೆಳೆದವರು. ಪ್ರಾಣಿಯ ರೂಪದಲ್ಲಿ ದೊಡ್ಡವರು ಬಂದರು ಅಂದ ಕೂಡಲೇ ಅವತಾರ ಅಂದುಕೊಳ್ಳುತ್ತೇವೆ. ಅವತಾರದಲ್ಲಿ ದೇವರು ಮೇಲಿಂದ ಇಳಿದು ಬರುತ್ತಾನೆ, ಕೆಲಸ ಇಟ್ಟುಕೊಂಡೇ ಬರುತ್ತಾನೆ. ವರಾಹನಿಗೆ ಭೂಮಿ ಎತ್ತುವಾಗ ಲೆಕ್ಕ ತಪ್ಪುವುದಿಲ್ಲ. ಬೋಧಿಸತ್ತ ಹಾಗಲ್ಲ. ಅವನು ಎಲ್ಲರ ಹಾಗೆ ಕರ್ಮಕ್ಕೆ ಸಿಕ್ಕಿ ಹುಟ್ಟುವವನು, ಸಾಯುವವನು. ಬೌದ್ಧರ ಪ್ರಕಾರ ಪ್ರಾಣಿಯ ಜನ್ಮ ಒಳ್ಳೆಯ ಜನ್ಮವೇನೂ ಅಲ್ಲ. ಪಾಠ ಹೇಳಲೆಂದು ಅವನು ಕೋತಿಯಾಗಿ ಹುಟ್ಟಲಿಲ್ಲ. ಕೋತಿಯಾಗಿ ಹುಟ್ಟಿದ್ದಾಗಲೂ ಕಲಿಯುತ್ತಿದ್ದ. ಕಲಿಸುವ ಕೆಲಸ ನಡೆಯುವುದು ಎಷ್ಟೋ ಜನ್ಮ ಕಳೆದು, ಬುದ್ಧನಾಗಿ, ಜೇತವನದ ವಿಹಾರದಲ್ಲಿ ಕೂತು ಆ ಕತೆ ಹೇಳುವಾಗ.

ಕನ್ನಡ ಓದಿದವರಿಗೆ ಇಲ್ಲಿ ಜನ್ನನ ಯಶೋಧರ ಚರಿತೆ ಹೋಲಿಸಿ ನೋಡಬಹುದು. 13ನೆಯ ಶತಮಾನದ ಜೈನ ಕಾವ್ಯ. ಅಲ್ಲಿ ಯಶೋಧರ ಮತ್ತು ಅವನ ತಾಯಿ ಚಂದ್ರಮತಿ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾರೆ. ಜೀವ ಇಲ್ಲದ ಕೋಳಿ. ಆದರೂ ಕೊಲ್ಲುವ ಮನಸ್ಸು ಇತ್ತಲ್ಲ, ಅದಕ್ಕೆ ಇಬ್ಬರೂ ನವಿಲಾಗಿ, ನಾಯಾಗಿ, ಮತ್ತೆ ಮತ್ತೆ ಪ್ರಾಣಿಗಳಾಗಿ ಹುಟ್ಟಿ, ಒಬ್ಬರ ಕೈಯಲ್ಲಿ ಒಬ್ಬರು ನೋಯುತ್ತಾರೆ. ಅಲ್ಲಿ ಪ್ರಾಣಿಯ ಜನ್ಮ ಅಂದರೆ ಅನುಭವಿಸಿ ತೀರಿಸಬೇಕಾದ ಸಾಲ. ಜಾತಕದಲ್ಲೂ ಅದು ಕೀಳು ಜನ್ಮವೇ, ಆದರೆ ಆ ಜನ್ಮದಲ್ಲಿಯೂ ಏನಾದರೂ ಒಳ್ಳೆಯದನ್ನು ಗಳಿಸಲು ಸಾಧ್ಯ. ಎರಡೂ ಧರ್ಮಗಳು ಕರ್ಮ ಒಪ್ಪಿದವು, ಎರಡೂ ಕೊಲ್ಲಬೇಡ ಅಂದವು. ಕತೆ ಹೇಳುವ ದಿಕ್ಕು ಮಾತ್ರ ಎದುರುಬದುರು.

ಏನನ್ನು ಗಳಿಸುತ್ತಾನೆ ಅನ್ನುವುದಕ್ಕೆ ಬೌದ್ಧರು ಒಂದು ಪಟ್ಟಿ ಇಟ್ಟುಕೊಂಡಿದ್ದಾರೆ. ಕೊಡುಗೆ, ಶೀಲ, ತಾಳ್ಮೆ, ಸತ್ಯ, ಮೈತ್ರಿ ಹೀಗೆ ಹತ್ತು ಗುಣಗಳು, ಅವಕ್ಕೆ ಪಾರಮಿ ಅಂತ ಹೆಸರು. ಇಂಥ ಕತೆ ಇಂಥ ಗುಣಕ್ಕೆ ಅಂತ ಹಂಚುವುದೂ ಉಂಟು. ಚಂದ್ರನಲ್ಲಿ ಕಾಣುವ ಮೊಲದ ಕತೆಯನ್ನು ದಾನಕ್ಕೆ ಇಡುತ್ತಾರೆ. ಬೇಡಿ ಬಂದವನಿಗೆ ಕೊಡಲು ಹುಲ್ಲು ಬಿಟ್ಟು ಬೇರೇನೂ ಇಲ್ಲದೆ ಬೆಂಕಿಗೆ ಹಾರಿದ ಮೊಲ ಅದು. ಆದರೆ ಕತೆಗಳೆಲ್ಲ ಈ ಪಟ್ಟಿಗೆ ಸುಲಭವಾಗಿ ಬಗ್ಗುವುದಿಲ್ಲ. ಮೊಸಳೆಗೆ ಸುಳ್ಳು ಹೇಳಿ ತಪ್ಪಿಸಿಕೊಂಡ ಕೋತಿಯನ್ನು ಎಲ್ಲಿಡುತ್ತೀರಿ? ಸತ್ಯದ ಸಾಲಿನಲ್ಲಂತೂ ಅಲ್ಲ. ಜಾಣತನ ಅನ್ನಬಹುದು ಅಷ್ಟೆ. ಜನರ ಕತೆಗೆ ನೀತಿಯ ಅಂಗಿ ತೊಡಿಸಿದಾಗ ಕೆಲವು ಕಡೆ ಹೊಲಿಗೆ ಬಿಡುತ್ತದೆ, ಅಲ್ವಾ?

ಕತೆಗೆ ನೀತಿ ಎಲ್ಲಿಂದ ಬರುತ್ತದೆ ಅಂದರೆ, ಹೆಚ್ಚಾಗಿ ಅದನ್ನು ಹೇಳಿದ ಸಂದರ್ಭದಿಂದ. ಪ್ರತಿ ಜಾತಕಕ್ಕೂ ಮುಂದೆ ಒಂದು "ಈಗಿನ ಕತೆ" ಇರುತ್ತದೆ. ಬುದ್ಧನ ಕಾಲದಲ್ಲಿ ಏನೋ ನಡೆದು, ಅದಕ್ಕೆ ಅವನು ಹಳೆಯ ಕತೆ ತೆಗೆಯುತ್ತಾನೆ. ಮಕ್ಕಳ ಪುಸ್ತಕಗಳಲ್ಲಿ ಈ ಭಾಗ ಹಾರಿಸಿಬಿಡುತ್ತಾರೆ. ಮಹಾಕಪಿಯ ವಿಷಯದಲ್ಲಿ ಅದನ್ನು ಹಾರಿಸಿದರೆ ನಷ್ಟ ಜಾಸ್ತಿ.

ಬುದ್ಧ ತನ್ನ ನೆಂಟರಿಗೆ ಮಾಡಿದ ಒಳಿತಿನ ಬಗ್ಗೆ ಭಿಕ್ಷುಗಳು ಮಾತಾಡಿಕೊಳ್ಳುತ್ತಿದ್ದರು, ಆಗ ಈ ಕತೆ ಹೇಳಿದ ಅಂತ ಇಲ್ಲಿದೆ. ವಿವರ ಬೇಕಾದರೆ 465ನೆಯ ಭದ್ದಸಾಲ ಜಾತಕ ನೋಡಿ ಅನ್ನುತ್ತದೆ ಗ್ರಂಥ. ಅಲ್ಲಿ ಇರುವುದು ವಿಡೂಡಭನ ಕತೆ. ಕೋಸಲದ ರಾಜ. ಬುದ್ಧನ ಕುಲದವರಾದ ಶಾಕ್ಯರು ಅವನ ತಾಯಿಯ ಹುಟ್ಟಿನ ವಿಷಯದಲ್ಲಿ ಮೋಸ ಮಾಡಿ, ಅವನನ್ನು ಅವಮಾನಿಸಿದ್ದರು. ಸೇಡಿಗೆ ಸೈನ್ಯ ಕಟ್ಟಿಕೊಂಡು ಹೊರಟ. ದಾರಿಯಲ್ಲಿ ಗಡಿಯ ಹತ್ತಿರ ನೆರಳೇ ಇಲ್ಲದ ಒಂದು ಮರದ ಕೆಳಗೆ ಬುದ್ಧ ಕೂತಿದ್ದ. ವಿಡೂಡಭನ ಕಡೆ ಒಳ್ಳೆಯ ನೆರಳಿನ ಆಲದ ಮರ ಇತ್ತು. ಈ ಬಿಸಿಲಲ್ಲಿ ಇಲ್ಲೇಕೆ ಕೂತಿರಿ ಅಂತ ಕೇಳಿದ. ನೆಂಟರ ನೆರಳು ತಂಪು ಅಂದ ಬುದ್ಧ. ವಿಡೂಡಭ ವಾಪಸ್ ಹೋದ. ಮೂರು ಸಲ ಹೀಗಾಯಿತು. ನಾಲ್ಕನೆಯ ಸಲ ಬುದ್ಧ ಹೋಗಲಿಲ್ಲ. ಶಾಕ್ಯರು ಮಾಡಿದ ಕರ್ಮ ಇನ್ನು ತಡೆಯುವಂಥದ್ದಲ್ಲ ಅಂತ ಅವನಿಗೆ ಕಂಡಿತ್ತು. ವಿಡೂಡಭ ಶಾಕ್ಯರನ್ನು ಕೊಂದು ಹಾಕಿದ.

ಇದನ್ನು ತಿಳಿದು ಮತ್ತೆ ಕೋತಿಯ ಕತೆಗೆ ಬನ್ನಿ. ಕೋತಿಯಾಗಿದ್ದಾಗ ಎಂಬತ್ತು ಸಾವಿರ ನೆಂಟರನ್ನು ಒಬ್ಬರೂ ಬಿಡದೆ ದಾಟಿಸಿದವನು, ಬುದ್ಧನಾದ ಮೇಲೆ ತನ್ನ ಊರಿನವರನ್ನು ಮೂರು ಸಲ ಮಾತ್ರ ಉಳಿಸಿದ. ಗ್ರಂಥ ಈ ಎರಡನ್ನೂ ಎದುರುಬದುರು ಇಟ್ಟು ಏನೂ ಹೇಳುವುದಿಲ್ಲ. ಸುಮ್ನೆ "ಅದನ್ನು ನೋಡಿ" ಅಂತ ದಾರಿ ತೋರಿಸುತ್ತದೆ. ನೆಂಟರ ಕೆಲಸ ಅಂದರೆ ಏನು ಅನ್ನುವ ಪ್ರಶ್ನೆಗೆ ಪದ್ಯದ ಕೋತಿ ಕೊಡುವ ಉತ್ತರ ಸಲೀಸು. ಪಕ್ಕದ ಕತೆ ಸೇರಿದಾಗ ಅದು ಅಷ್ಟು ಸಲೀಸಾಗಿ ಉಳಿಯುವುದಿಲ್ಲ.

ಈ ಕತೆಯನ್ನು ಪಾಳಿಯವರಷ್ಟೇ ಹೇಳಲಿಲ್ಲ. ಆರ್ಯಶೂರ ಅನ್ನುವ ಕವಿ ಸಂಸ್ಕೃತದಲ್ಲಿ 34 ಜಾತಕಗಳನ್ನು ಬರೆದ. ಅವನಲ್ಲಿ ಮಾವಿನ ಬದಲು ಆಲದ ಮರ ಬರುತ್ತದೆ, ಬಳ್ಳಿ ಕಟ್ಟಿಕೊಳ್ಳುವುದು ಕಾಲಿಗೆ. ಅಂದರೆ ಪಾಳಿ ಪದ್ಯ ಹೇಳಿದ ಹಾಗೆ. ಕೋತಿಯನ್ನು ಇಳಿಸುವ ಬಗೆಯೂ ಬೇರೆ. ರಾಜ ಕೆಳಗೆ ಬಟ್ಟೆ ಹರಡಿ ಹಿಡಿಸುತ್ತಾನೆ. ಮೇಲೆ ಬಳ್ಳಿಯನ್ನೂ ಕೊಂಬೆಯನ್ನೂ ಒಂದೇ ಸಲಕ್ಕೆ ಬಾಣ ಹೊಡೆದು ಕತ್ತರಿಸಿ ಅನ್ನುತ್ತಾನೆ. ಅಟ್ಟಣೆ, ದೋಣಿ ಯಾವುದೂ ಇಲ್ಲ.

ಬಟ್ಟೆಯ ಈ ವಿವರ ಆರ್ಯಶೂರನ ಕಲ್ಪನೆ ಅಂತ ಅಂದುಕೊಳ್ಳುವ ಮೊದಲು ಭಾರ್ಹುತ್ ನೋಡಬೇಕು. ಮಧ್ಯಪ್ರದೇಶದ ಈ ಸ್ತೂಪವನ್ನು ಪುರಾತತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ 1873ರಲ್ಲಿ ಕಂಡ. ಅದರ ಕಲ್ಲಿನ ಕಟಕಟೆ ಕ್ರಿಸ್ತಪೂರ್ವದ್ದು. ಅದರ ಬಹುಭಾಗ ಈಗ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದೆ. ಅಲ್ಲಿನ ಅನೇಕ ಕೆತ್ತನೆಗಳ ಪಕ್ಕದಲ್ಲಿ ಇದು ಇಂಥ ಜಾತಕ ಅಂತ ಬ್ರಾಹ್ಮಿ ಅಕ್ಷರದಲ್ಲಿ ಹೆಸರು ಕೊರೆದಿದ್ದಾರೆ. ಹಾಗಾಗಿ ಆ ಕಾಲಕ್ಕೇ ಈ ಕತೆಗಳಿಗೆ ಜಾತಕ ಅನ್ನುವ ಹೆಸರಿತ್ತು ಅನ್ನುವುದರಲ್ಲಿ ಅನುಮಾನವಿಲ್ಲ. ನಮ್ಮಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲೂ, ಭೀಮಾ ನದಿಯ ದಡದಲ್ಲಿ ಅಗೆದು ತೆಗೆದ ಸ್ತೂಪದ ಚಪ್ಪಡಿಗಳ ಮೇಲೆ ಹೀಗೆ ಹೆಸರು ಬರೆದ ಜಾತಕ ಚಿತ್ರಗಳಿವೆ. ಅಶೋಕನ ಹೆಸರು ಕೊರೆದ ಅವನ ಉಬ್ಬುಚಿತ್ರ ಸಿಕ್ಕಿದ್ದೂ ಅಲ್ಲೇ.

ಭಾರ್ಹುತ್‌ನ ಮಹಾಕಪಿ ಒಂದು ದುಂಡನೆಯ ಫಲಕದೊಳಗಿದೆ. ಎರಡು ಮರ, ನಡುವೆ ನದಿ, ನದಿಯಲ್ಲಿ ಮೀನು. ಕೋತಿರಾಜ ಎರಡು ಮರಗಳ ನಡುವೆ ಅಡ್ಡಲಾಗಿ ಚಾಚಿಕೊಂಡಿದ್ದಾನೆ, ಕೋತಿಗಳು ದಾಟುತ್ತಿವೆ. ಅವನ ಕೆಳಗೆ ಇಬ್ಬರು ಮನುಷ್ಯರು ಒಂದು ಬಟ್ಟೆಯನ್ನು ಎರಡು ಕಡೆ ಹಿಡಿದು ಹರಡಿದ್ದಾರೆ. ಆರ್ಯಶೂರ ಹುಟ್ಟುವುದಕ್ಕೆ ಎಷ್ಟೋ ನೂರು ವರ್ಷ ಮೊದಲೇ ಶಿಲ್ಪಿಗೆ ಬಟ್ಟೆಯ ವಿಷಯ ಗೊತ್ತಿತ್ತು. ಅಂದರೆ ಪದ್ಯದಲ್ಲೂ ಇಲ್ಲದ, ಪಾಳಿ ಗದ್ಯದಲ್ಲೂ ಇಲ್ಲದ ಒಂದು ವಿವರ ಜನರ ಬಾಯಲ್ಲಿ ಓಡಾಡುತ್ತಾ ಒಮ್ಮೆ ಕಲ್ಲಿಗೆ ಬಂತು, ಮತ್ತೊಮ್ಮೆ ಕಾವ್ಯಕ್ಕೆ ಬಂತು. ಕತೆಯ ಒಂದೇ ಮೂಲ ಪಾಠ ಹುಡುಕಿ ಹೊರಟವರು ದಾರಿ ತಪ್ಪುವುದು ಇಂಥ ಕಡೆ.

ಸಾಂಚಿಯ ಪಶ್ಚಿಮ ತೋರಣದ ಕಂಬದ ಮೇಲೂ ಇದೇ ಕತೆ ಇದೆ. ಅಲ್ಲಿ ಶಿಲ್ಪಿಗೆ ರಾಜನ ಕುದುರೆ, ಬಿಲ್ಲುಗಾರರು, ಉದ್ದಕ್ಕೆ ಹರಿದು ಬರುವ ನದಿ ಇಷ್ಟವಾದ ಹಾಗಿದೆ. ಅಜಂತಾದ 17ನೆಯ ಗುಹೆಯಲ್ಲಿ ಬಣ್ಣದಲ್ಲೂ ಇದೆ.

ನಾನು ಮತ್ತೆ ಮತ್ತೆ ತೆಗೆದು ನೋಡುವುದು ಭಾರ್ಹುತ್‌ನ ಫೋಟೊವನ್ನೇ. ಹಳೆಯ ಶಿಲ್ಪಿಗಳು ಬೇರೆ ಬೇರೆ ಹೊತ್ತಿನಲ್ಲಿ ನಡೆದದ್ದನ್ನು ಒಂದೇ ಚಿತ್ರದಲ್ಲಿ ಸೇರಿಸುತ್ತಿದ್ದರು. ಹಾಗಾಗಿ ಮೇಲೆ ಕೋತಿರಾಜ ಇನ್ನೂ ಸಂಕವಾಗಿ ನೇತಾಡುತ್ತಿದ್ದಾನೆ, ಅದೇ ಫಲಕದ ಕೆಳಗೆ ರಾಜನ ಎದುರಿಗೆ ಕೂತಿದ್ದಾನೆ. ಮಲಗಿಲ್ಲ, ಸಾಯುತ್ತಿರುವ ಹಾಗೂ ಕಾಣುವುದಿಲ್ಲ. ಇಬ್ಬರೂ ಮುಖಾಮುಖಿ ಕೂತು ಮಾತಾಡುತ್ತಿದ್ದಾರೆ.